ಮಾತಿನ ನಡುವಿನ ‘ಆ…’, ‘ಏನಂದ್ರೆ’: ಕ್ರಿಯಾಪದ ಮುಗಿಸಿ, ಬಾಯಿ ಮುಚ್ಚಿ

ಪ್ರಶ್ನೆ: ಚಿತ್ರದುರ್ಗದ ಕೋಟೆಗೆ ಬರುವವರಿಗೆ ಜಾಗ ತೋರಿಸಿ ವಿವರಿಸುವ ಕೆಲಸ ಮಾಡುತ್ತೇನೆ. ಮೊನ್ನೆ ಪ್ರವಾಸಿಯೊಬ್ಬರು ನನ್ನ ಮಾತಿನ ವಿಡಿಯೊ ಕಳಿಸಿದ್ದರು. ನೋಡಿ ನಾಚಿಕೆಯಾಯಿತು. ಮಾತಿಗೊಂದು ‘ಏನಂದ್ರೆ’, ನಡುವೆ ‘ಆ… ಆ…’. ಅದನ್ನು ಬಿಡಬೇಕೆಂದು ಸುಮ್ಮನೆ ನಿಂತರೆ ಮರೆತುಹೋಯಿತೇನೋ ಅಂದುಕೊಂಡು ಜನ ಆಚೆ ತಿರುಗುತ್ತಾರೆ, ನನಗೂ ಕೈಕಾಲು ಆಡುವುದಿಲ್ಲ. ವಿಡಿಯೊ ಜೊತೆಗಿಟ್ಟಿದ್ದೇನೆ. ಇದನ್ನು ಕಡಿಮೆ ಮಾಡಲು ಏನು ಅಭ್ಯಾಸ ಮಾಡಬೇಕು?

ಉತ್ತರ:

ನಿಮ್ಮ ಎರಡನೆಯ ದೂರಿನಲ್ಲೇ ಮೊದಲನೆಯದಕ್ಕೆ ಪರಿಹಾರವಿದೆ. ನೀವು ಸುಮ್ಮನೆ ನಿಂತಾಗ ಜನ ಮರೆತಿದ್ದೀರಿ ಅಂದುಕೊಳ್ಳುವುದು ಮೌನದಿಂದಲ್ಲ, ಆ ಮೌನ ಬಂದ ಜಾಗದಿಂದ. ವಿಡಿಯೊದಲ್ಲಿ ನೀವು ಎರಡು ಕಡೆ ನಿಜವಾಗಿಯೂ ಸುಮ್ಮನಾಗಿದ್ದೀರಿ. ಒಂದು ಕಡೆ ‘ಒನಕೆ ತಗೊಂಡು’ ಎಂದ ಮೇಲೆ, ಇನ್ನೊಂದು ಕಡೆ ‘ಅವಾಗ ಅವರು’ ಎಂದ ಮೇಲೆ. ಎರಡೂ ಅರ್ಧಕ್ಕೆ ನಿಂತ ವಾಕ್ಯಗಳು. ತಗೊಂಡು ಏನಾಯಿತು? ಅವರು ಏನು ಮಾಡಿದರು? ಕೇಳುವವನು ಕ್ರಿಯಾಪದಕ್ಕೆ ಕಾಯುತ್ತಿರುತ್ತಾನೆ, ಅದು ಬರುವುದಿಲ್ಲ, ಆದ್ದರಿಂದ ‘ಮರೆತ’ ಎನ್ನುತ್ತಾನೆ. ಅದೇ ಎರಡು ಸೆಕೆಂಡಿನ ಮೌನ ‘ತಗೊಂಡ್ಲು’ ಎಂದ ಮೇಲೆ ಬಂದಿದ್ದರೆ ಯಾರೂ ಹಾಗೆ ತಿಳಿಯುತ್ತಿರಲಿಲ್ಲ. ಮುಂದೇನು ಎಂದು ನಿಮ್ಮ ಮುಖವನ್ನೇ ನೋಡುತ್ತಿದ್ದರು. ಈ ಉತ್ತರದ ಬಹುಪಾಲು ಇದರ ಸುತ್ತಲೇ ಇದೆ.

ಮೊದಲು ಆ ‘ಆ…’ ಯಾಕೆ ಬರುತ್ತದೆ ಎಂಬುದನ್ನು ನೋಡೋಣ. ಇಬ್ಬರು ಹರಟುವಾಗ ಒಬ್ಬನ ಮಾತು ಮುಗಿದು ಇನ್ನೊಬ್ಬನ ಮಾತು ಶುರುವಾಗುವ ನಡುವಿನ ಅಂತರ ಬಹಳ ಚಿಕ್ಕದು. ಜಗತ್ತಿನ ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಬಂದ ಅಧ್ಯಯನವೊಂದು ಅದು ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು ಎಂದು ತೋರಿಸಿತು. ಅಂದರೆ ಹರಟೆಯಲ್ಲಿ ಒಂದು ಸೆಕೆಂಡು ಸುಮ್ಮನಾದರೂ ಪಕ್ಕದವನು ನುಗ್ಗಿಬಿಡುತ್ತಾನೆ. ‘ಇನ್ನೂ ನನ್ನ ಮಾತು ಮುಗಿದಿಲ್ಲ, ತಡಿ’ ಎಂದು ಸೂಚಿಸಲು ನಾವು ಸದ್ದು ಮಾಡುತ್ತೇವೆ. ಇಂಗ್ಲಿಷಿನ ‘ಅ’ ಮತ್ತು ‘ಅಮ್’ಗಳನ್ನು ಪರಿಶೀಲಿಸಿದ ಕ್ಲಾರ್ಕ್ ಮತ್ತು ಫಾಕ್ಸ್ ಟ್ರೀ ಎಂಬ ಸಂಶೋಧಕರು 2002ರಲ್ಲಿ ಹೇಳಿದ್ದೂ ಇದನ್ನೇ: ಚಿಕ್ಕ ತಡಕ್ಕೆ ಒಂದು ಸದ್ದು, ದೊಡ್ಡ ತಡಕ್ಕೆ ಇನ್ನೊಂದು, ಎರಡೂ ಕೇಳುಗನಿಗೆ ಕೊಡುವ ಮುನ್ಸೂಚನೆಗಳು. ಹಾಗಾಗಿ ಇದು ದಡ್ಡತನವೂ ಅಲ್ಲ, ಭಾಷೆ ಬರದಿರುವುದೂ ಅಲ್ಲ. ಚಹಾದಂಗಡಿಯ ಮುಂದೆ ಬೇಕಾದ ಅಭ್ಯಾಸವನ್ನು ನೀವು ಕೋಟೆಯೊಳಗೂ ಹೊತ್ತು ತಂದಿದ್ದೀರಿ, ಅಷ್ಟೆ. ಅಲ್ಲಿ ನಿಮ್ಮ ಮಾತಿನ ಸರದಿಯನ್ನು ಕಿತ್ತುಕೊಳ್ಳಲು ಯಾರೂ ಕಾಯುತ್ತಿಲ್ಲ. ಕಾವಲು ಬೇಕಿಲ್ಲದ ಕಡೆ ಕಾವಲು ಕೂತಿದೆ.

ಇನ್ನು ಕನ್ನಡದಲ್ಲಿ ಇದು ಹೇಗೆ ಬರುತ್ತದೆ ಎಂಬುದು. ಇಂಗ್ಲಿಷಿನವರಿಗಾಗಿ ಬರೆದ ಸಲಹೆಗಳಲ್ಲಿ ‘ಅಮ್’ ಎಣಿಸಿ ಎಂದಿರುತ್ತದೆ. ಅದನ್ನೇ ಪಾಲಿಸಿದರೆ ನಿಮ್ಮ ಮಾತಿನ ದೋಷದಲ್ಲಿ ದೊಡ್ಡ ಪಾಲು ಲೆಕ್ಕಕ್ಕೇ ಸಿಗುವುದಿಲ್ಲ. ಯಾಕೆಂದರೆ ನಮ್ಮ ಪದಗಳು ಬಹುತೇಕ ಸ್ವರದಲ್ಲಿ ಮುಗಿಯುತ್ತವೆ. ಪ್ರತ್ಯೇಕ ‘ಆ’ ಬೇಕಾಗಿಯೇ ಇಲ್ಲ, ಕೊನೆಯ ಸ್ವರವನ್ನೇ ಎಳೆದರೆ ಆಯಿತು: ‘ಇಲ್ಲಿಂದಾ…’, ‘ಹೋಗಿದ್ದಾಗಾ…’, ‘ಅಂತಾ…’. ಆಡುವವನಿಗೆ ಇದು ಕೇಳಿಸುವುದೇ ಇಲ್ಲ, ಪದವನ್ನು ಹೇಳುತ್ತಿದ್ದೇನೆ ಎಂದೇ ಅನ್ನಿಸುತ್ತದೆ. ಕೇಳುವವನಿಗೆ ಮಾತ್ರ ರಾಗ ಎಳೆದ ಹಾಗೆ ಇರುತ್ತದೆ. ಆದ್ದರಿಂದ ಎಣಿಸುವಾಗ ಮೂರು ಬಗೆ ಇಟ್ಟುಕೊಳ್ಳಿ: ಬರಿಯ ಸದ್ದು, ಎಳೆದ ಸ್ವರ, ಅರ್ಥವಿಲ್ಲದ ಪದ.

ಮೂರನೆಯದರಲ್ಲಿ ಸ್ವಲ್ಪ ವಿವೇಚನೆ ಬೇಕು. ‘ಅಂದ್ರೆ’ ಎಲ್ಲ ಕಡೆಯೂ ತಪ್ಪಲ್ಲ. ‘ಹೊಂಡ, ಅಂದ್ರೆ ಕಲ್ಲು ಕಟ್ಟಿದ ಕೊಳ’ ಎನ್ನುವಾಗ ಅದು ತನ್ನ ಕೆಲಸ ಮಾಡುತ್ತಿದೆ. ಪರೀಕ್ಷೆ ಸುಲಭ: ಪದವನ್ನು ತೆಗೆದು ವಾಕ್ಯ ಓದಿ, ಅರ್ಥ ಕೆಟ್ಟರೆ ಅದನ್ನು ಉಳಿಸಿ, ಕೆಡದಿದ್ದರೆ ಎಣಿಸಿ.

ಈಗ ನಿಮ್ಮ ವಿಡಿಯೊದ ಒಂದು ತುಣುಕು, ಓಬವ್ವನ ಕಿಂಡಿಯ ಹತ್ತಿರದ್ದು. ಸುಮಾರು 25 ಸೆಕೆಂಡು. ಕೇಳಿದ ಹಾಗೇ ಬರೆದಿದೆ:

“ಆ… ಇದು ಏನಪ್ಪಾ ಅಂದ್ರೆ ಓಬವ್ವನ ಕಿಂಡಿ ಅಂತಾ… ಏನಂದ್ರೆ ಹೈದರಾಲಿ ಸೈನಿಕ್ರು ಇಲ್ಲಿಂದಾ… ಆ… ಒಬ್ಬೊಬ್ರೇ ತೂರ್ಕೊಂಡು ಬರ್ತಿದ್ರು, ಮತ್ತೆ ಓಬವ್ವನ ಗಂಡ ಏನಂದ್ರೆ ಇಲ್ಲಿ ಕಾವಲುಗಾರ, ಅವ್ನು ಊಟಕ್ ಹೋಗಿದ್ದಾಗಾ… ಈಕಿ ನೀರಿಗ್ ಬಂದೂ… ಆ… ನೋಡಿ, ಮತ್ತೆ ಒನಕೆ ತಗೊಂಡು, ಏನಂದ್ರೆ ಬಂದೋರ್ನ ಹೊಡ್ದು ಹೊಡ್ದು ಹಾಕಿದ್ಲು, ಗೊತ್ತಾಯ್ತಲ್ಲ.”

ಸದ್ದು 3, ಎಳೆದ ಸ್ವರ 4, ಖಾಲಿ ಪದ 7. ಒಟ್ಟು 14. ಆದರೆ ಈ ಮೊತ್ತಕ್ಕಿಂತ ಅವು ಎಲ್ಲಿ ಬಿದ್ದಿವೆ ಎಂಬುದೇ ಮುಖ್ಯ. ಅಷ್ಟೂ ಮಾತಿನಲ್ಲಿ ಪೂರ್ತಿ ಮುಗಿದ ಕ್ರಿಯಾಪದಗಳು ಎರಡೇ: ‘ಬರ್ತಿದ್ರು’, ‘ಹಾಕಿದ್ಲು’. ಉಳಿದವೆಲ್ಲ ‘ಬಂದು’, ‘ನೋಡಿ’, ‘ತಗೊಂಡು’, ‘ಹೋಗಿದ್ದಾಗ’ ಎಂಬ ಕೊಂಡಿಗಳು. ಕನ್ನಡದಲ್ಲಿ ಇಂಥ ಕೊಂಡಿಗಳನ್ನು ಎಷ್ಟು ಬೇಕಾದರೂ ಪೋಣಿಸಿಕೊಂಡು ಹೋಗಬಹುದು, ವಾಕ್ಯ ಮುಗಿಸುವ ಒತ್ತಾಯವೇ ಇರುವುದಿಲ್ಲ. ವಾಕ್ಯ ಮುಗಿಯದಿದ್ದರೆ ನಿಲ್ಲಲು ಜಾಗವಿಲ್ಲ. ನಿಲ್ಲಲು ಜಾಗವಿಲ್ಲದವನು ಮುಂದಿನ ಮಾತನ್ನು ಹುಡುಕುತ್ತಲೇ ಸದ್ದು ಮಾಡಬೇಕಾಗುತ್ತದೆ. ನಿಮ್ಮ ನಾಲ್ಕು ಎಳೆತಗಳಲ್ಲಿ ಎರಡು ಇಂಥ ಕೊಂಡಿಗಳ ತುದಿಯಲ್ಲೇ ಇವೆ, ನೋಡಿ.

ಆದ್ದರಿಂದ ಮೊದಲ ಕೆಲಸ ಮೌನದ ಅಭ್ಯಾಸವಲ್ಲ, ಮೌನಕ್ಕೆ ಜಾಗ ಮಾಡುವುದು. ಅದೇ ಸಂಗತಿಯನ್ನು ಹೀಗೆ ಒಡೆಯಬಹುದು. ಒಂದು ಗೀಟು ಅರ್ಧ ಸೆಕೆಂಡು, ಎರಡು ಗೀಟು ಎರಡು ಸೆಕೆಂಡು:

“ಇದು ಓಬವ್ವನ ಕಿಂಡಿ. // ಓಬವ್ವನ ಗಂಡ ಇಲ್ಲಿ ಕಾವಲುಗಾರ. / ಅವತ್ತು ಊಟಕ್ಕೆ ಹೋಗಿದ್ದ. / ಈಕಿ ನೀರಿಗೆ ಬಂದ್ಲು. / ಹೈದರಾಲಿ ಸೈನಿಕ್ರು ಈ ಕಿಂಡಿಯೊಳಗೆ ಒಬ್ಬೊಬ್ರೇ ತೂರ್ಕೊಂಡು ಬರೋದು ಕಾಣಿಸ್ತು. // ಓಡಿಹೋಗಿ ಒನಕೆ ತಂದ್ಲು. / ತಲೆ ತೂರಿಸಿದೋರ್ನೆಲ್ಲ ಹೊಡೆದು ಹಾಕಿದ್ಲು. //”

ಏಳು ವಾಕ್ಯ, ನಾಲ್ಕು ಚಿಕ್ಕ ನಿಲುಗಡೆ, ಮೂರು ದೊಡ್ಡವು. ಎಲ್ಲ ಮೌನ ಸೇರಿಸಿದರೆ 8 ಸೆಕೆಂಡು. ಹಾಗಿದ್ದೂ ಮಾತು ನಿಧಾನ ಅನ್ನಿಸುವುದಿಲ್ಲ, ಯಾಕೆಂದರೆ ಸದ್ದುಗಳಿಗೆ ಹೋಗುತ್ತಿದ್ದ ಹೊತ್ತೇ ಮೌನಕ್ಕೆ ಬಂದಿದೆ. ದೊಡ್ಡ ನಿಲುಗಡೆಗಳ ಜಾಗ ಗಮನಿಸಿ. ಮೊದಲನೆಯದು ಜನ ಕಿಂಡಿಯನ್ನು ಕಣ್ಣಿಂದ ನೋಡಲು, ಎರಡನೆಯದು ಆಕೆಗೆ ಕಂಡದ್ದು ನಮಗೂ ಕಾಣಲು, ಮೂರನೆಯದು ಕಥೆ ಮುಗಿದದ್ದಕ್ಕೆ. ಒಂದೂ ನಿಮ್ಮ ಅನುಕೂಲಕ್ಕೆ ಇಟ್ಟದ್ದಲ್ಲ, ಆದರೆ ಮುಂದಿನ ಮಾತು ಹುಡುಕಿಕೊಳ್ಳಲು ಪುಕ್ಕಟೆಯಾಗಿ ಸಿಕ್ಕ ಸಮಯ. ‘ತೂರ್ಕೊಂಡು’, ‘ಓಡಿಹೋಗಿ’ ಎಂಬ ಕೊಂಡಿಗಳು ಹಾಗೇ ಇವೆ. ಒಂದು ವಾಕ್ಯಕ್ಕೆ ಒಂದು ಕೊಂಡಿ ಇದ್ದರೆ ಮಾತು ಮಾತಾಗಿರುತ್ತದೆ, ಎಲ್ಲವನ್ನೂ ಕಿತ್ತರೆ ಒಂದನೇ ಕ್ಲಾಸಿನ ಪಾಠದಂತಾಗುತ್ತದೆ.

ಇನ್ನು ನಿಲ್ಲುವ ಕ್ರಿಯೆ. ಇದು ಮನಸ್ಸಿನದಕ್ಕಿಂತ ಹೆಚ್ಚಾಗಿ ಬಾಯಿ ಮತ್ತು ಉಸಿರಿನ ಕೆಲಸ. ‘ಬಂದ್ಲು’ ಎಂಬ ಕೊನೆಯ ಉಕಾರವನ್ನು ಮೊಟಕಾಗಿ ಮುಗಿಸಿ. ತಕ್ಷಣ ತುಟಿ ಸೇರಿಸಿ. ಮೂಗಿನಿಂದ ಸ್ವಲ್ಪ ಉಸಿರು ಒಳಗೆಳೆದುಕೊಳ್ಳಿ. ಮುಂದಿನ ವಾಕ್ಯದ ಮೊದಲ ಪದ ಮನಸ್ಸಿನಲ್ಲಿ ಸಿಕ್ಕ ಮೇಲೆ ತುಟಿ ತೆರೆಯಿರಿ. ಈ ನಾಲ್ಕರಲ್ಲಿ ಹೆಚ್ಚಿನವರು ಬಿಡುವುದು ಉಸಿರನ್ನು. ತುಟಿ ತೆರೆದಿದ್ದು ಉಸಿರು ಹೊರಹೋಗುತ್ತಿದ್ದರೆ ಗಂಟಲು ಸ್ವಲ್ಪ ಕಂಪಿಸಿದರೂ ‘ಆ…’ ಹುಟ್ಟುತ್ತದೆ. ಬರೀ ತುಟಿ ಮುಚ್ಚಿದರೆ ಅದೇ ಉಸಿರು ಮೂಗಿನಿಂದ ‘ಮ್…’ ಎಂದು ಹೊರಡುತ್ತದೆ. ಉಸಿರು ಒಳಗೆ ಹೋಗುತ್ತಿರುವಾಗ ಮಾತ್ರ ಎರಡೂ ಹುಟ್ಟುವುದಿಲ್ಲ. ಉಸಿರೆಳೆದುಕೊಳ್ಳುತ್ತಾ ‘ಆ’ ಎನ್ನಲು ಈಗಲೇ ಪ್ರಯತ್ನಿಸಿ, ಎಷ್ಟು ಕಷ್ಟ ಎಂದು ತಿಳಿಯುತ್ತದೆ. ಆದರೆ ಬಾಯಿಂದ ‘ಹ್ಹಾ’ ಎಂದು ಸದ್ದಾಗುವಂತೆ ಎಳೆಯಬೇಡಿ, ಅದು ಹೊಸ ರೋಗ. ನಿಮ್ಮ ಕೆಲಸದಲ್ಲಿ ಮೆಟ್ಟಿಲು ಹತ್ತುತ್ತಾ ಮಾತಾಡುವುದರಿಂದ ಈ ಸಮಸ್ಯೆ ದುಪ್ಪಟ್ಟಾಗಿದೆ. ಏದುಸಿರಿನಲ್ಲಿ ಯಾರೂ ಮೌನವಾಗಿ ನಿಲ್ಲಲಾರರು. ಏರು ಮುಗಿಯುವ ತನಕ ವಿವರಣೆ ಬೇಡ. ಮೇಲೆ ತಲುಪಿ, ಹಿಂದಿನವರು ಬಂದು ಸೇರುವಷ್ಟು ಹೊತ್ತು ನಿಂತು, ಆಮೇಲೆ ಶುರು ಮಾಡಿ.

ಅಭ್ಯಾಸಕ್ಕೆ ದಿನಕ್ಕೆ 10 ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಮಾಡಿದರೆ ಗಮನ ಜಾರುತ್ತದೆ, ಜಾರಿದ ಗಮನದಲ್ಲಿ ಮಾಡಿದ ಅಭ್ಯಾಸ ಹಳೆಯದನ್ನೇ ಗಟ್ಟಿ ಮಾಡುತ್ತದೆ.

ಮೊದಲ ವಾರ ಏನನ್ನೂ ತಿದ್ದಬೇಡಿ. ನಿಮ್ಮ ಮಾತಿನ 2 ನಿಮಿಷವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮೇಲೆ ಮಾಡಿದ ಹಾಗೆ ಒಂದಕ್ಷರ ಬಿಡದೆ ಬರೆದು, ಮೂರು ಬಗೆಯನ್ನು ಬೇರೆ ಬೇರೆ ಗುರುತಿನಿಂದ ಎಣಿಸಿ. ಬೇಸರದ ಕೆಲಸ, ನಿಜ. ಆದರೆ ನಾಲ್ಕೈದು ಸಲ ಬರೆದ ಮೇಲೆ, ಮಾತಾಡುವಾಗಲೇ ‘ಅಗೋ ಬಂತು’ ಎಂದು ಕಿವಿಗೆ ತಾನಾಗಿ ತಟ್ಟುತ್ತದೆ. ಆ ಅರಿವು ಹುಟ್ಟುವ ಮೊದಲು ಮೌನ ಅಭ್ಯಾಸ ಮಾಡಿ ಉಪಯೋಗವಿಲ್ಲ. ಉಗುರು ಕಚ್ಚುವಂಥ ಚಟಗಳನ್ನು ಬಿಡಿಸಲು ಅಜ್ರಿನ್ ಮತ್ತು ನನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಹೇಳಿದ ಕ್ರಮವೂ ಇದೇ: ಮೊದಲು ಚಟ ಬರುವ ಕ್ಷಣವನ್ನು ಗುರುತಿಸುವುದು, ಆಮೇಲೆ ಅದೇ ಕ್ಷಣದಲ್ಲಿ ಅದರ ಜೊತೆಗಿರಲಾರದ ಇನ್ನೊಂದು ಕ್ರಿಯೆ ಮಾಡುವುದು. 2016ರಲ್ಲಿ ಇದೇ ಕ್ರಮವನ್ನು ಭಾಷಣ ಮಾಡುವ ಬೆರಳೆಣಿಕೆಯ ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗಿಸಿದಾಗ ಅವರ ‘ಅಮ್’ಗಳು ಇಳಿದವು. ನಮ್ಮ ವಿಷಯದಲ್ಲಿ ಆ ‘ಇನ್ನೊಂದು ಕ್ರಿಯೆ’ ಎಂದರೆ ತುಟಿ ಸೇರಿಸಿ ಮೂಗಿನಿಂದ ಉಸಿರೆಳೆಯುವುದು.

ಎರಡನೇ ವಾರ ಗೀಟು ಹಾಕಿದ ಬರಹವನ್ನು ಗಟ್ಟಿಯಾಗಿ ಓದಿ. ಇಲ್ಲಿ ಮುಂದಿನ ಮಾತು ಹುಡುಕುವ ಹೊರೆ ಇಲ್ಲ, ಆದ್ದರಿಂದ ಗಮನವೆಲ್ಲ ನಿಲ್ಲುವ ಕ್ರಿಯೆಯ ಮೇಲಿರಲಿ. ಓದಿದ್ದನ್ನು ರೆಕಾರ್ಡ್ ಮಾಡಿ, ಫೋನಿನ ತೆರೆಯ ಮೇಲಿನ ಧ್ವನಿಯ ಅಲೆಯನ್ನು ನೋಡಿ. ನಿಜವಾದ ಮೌನವಿದ್ದ ಕಡೆ ಗೆರೆ ಚಪ್ಪಟೆಯಾಗಿರುತ್ತದೆ, ಎಳೆದ ಸ್ವರವಿದ್ದ ಕಡೆ ಒಂದೇ ದಪ್ಪದ ಬಾಲ ಕಾಣುತ್ತದೆ. ಕಿವಿಗೆ ಸಿಗದ ಎಳೆತ ಕಣ್ಣಿಗೆ ಸಿಗುತ್ತದೆ. ಜೊತೆಗೆ ಇನ್ನೊಂದನ್ನೂ ಕಂಡುಕೊಳ್ಳುತ್ತೀರಿ: ‘ಐದು ಸೆಕೆಂಡು ನಿಂತುಬಿಟ್ಟೆ’ ಎಂದು ನಿಮಗೆ ಅನ್ನಿಸಿದ ಕಡೆ ಚಪ್ಪಟೆ ಗೆರೆ ಒಂದೂವರೆ ಸೆಕೆಂಡಿನದ್ದಾಗಿರುತ್ತದೆ. ಮಾತಾಡುವವನ ಗಡಿಯಾರ ಓಡುತ್ತಿರುತ್ತದೆ, ಕೇಳುವವರದ್ದು ಸರಿಯಾಗಿಯೇ ನಡೆಯುತ್ತಿರುತ್ತದೆ. ನೀವು ಹೇಳಿದ ಕೈಕಾಲು ಆಡದಿರುವುದು ಇದರಿಂದಲೇ. ಇದನ್ನು ಬಾಯಿಮಾತಿನಲ್ಲಿ ನಂಬಬೇಕಿಲ್ಲ, ನಿಮ್ಮದೇ ಗೆರೆಯನ್ನು ನಾಲ್ಕು ದಿನ ಅಳೆದು ನೋಡಿ.

ಮೂರನೇ ವಾರ ಬರಹ ಬದಿಗಿಟ್ಟು, ಪ್ರತಿ ವಾಕ್ಯದ ಮೊದಲ ಪದವನ್ನಷ್ಟೇ ಅಂಗೈಯಗಲದ ಚೀಟಿಯಲ್ಲಿ ಬರೆದುಕೊಂಡು ಹೇಳಿ: ಇದು, ಓಬವ್ವನ, ಅವತ್ತು, ಈಕಿ, ಹೈದರಾಲಿ, ಓಡಿಹೋಗಿ, ತಲೆ. ಯಾಕೆ ಮೊದಲ ಪದವೆಂದರೆ, ಒಂದು ಮಾತನ್ನು ಹೇಳಲು ದಾರಿಗಳು ಹೆಚ್ಚಿದ್ದಷ್ಟೂ ತಡವರಿಕೆ ಹೆಚ್ಚು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರನ್ನು ಗಮನಿಸಿ 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಹಿತ್ಯದಂಥ ವಿಷಯಗಳ ಅಧ್ಯಾಪಕರು ವಿಜ್ಞಾನದ ಅಧ್ಯಾಪಕರಿಗಿಂತ ಹೆಚ್ಚು ಸಲ ಇಂಥ ಸದ್ದು ಮಾಡುತ್ತಿದ್ದರು. ಬೇರೊಂದು ಸಾಮಾನ್ಯ ವಿಷಯದ ಬಗ್ಗೆ ಮಾತಾಡಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ದೋಷ ಆಳಿನದ್ದಲ್ಲ, ವಿಷಯದೊಳಗಿನ ಆಯ್ಕೆಗಳದ್ದು. ಮೊದಲ ಪದ ಗೊತ್ತಿದ್ದರೆ ಆಯ್ಕೆ ಒಮ್ಮೆಲೇ ಕಿರಿದಾಗುತ್ತದೆ, ಉಳಿದದ್ದು ಅದರ ಹಿಂದೆ ಬರುತ್ತದೆ. ಇಡೀ ವಾಕ್ಯ ಬಾಯಿಪಾಠ ಮಾಡಬೇಡಿ. ಬಾಯಿಪಾಠದ ನಡುವೆ ಒಬ್ಬ ಮಗು ಅಡ್ಡ ಬಂದರೂ ದಾರ ಕಡಿಯುತ್ತದೆ, ಆಗ ಹಳೆಯ ‘ಏನಂದ್ರೆ’ಗಳು ಸಾಲುಗಟ್ಟಿ ಹೊರಬರುತ್ತವೆ.

ಇಸವಿ ಮತ್ತು ಹೆಸರುಗಳನ್ನು ಚೀಟಿಯ ಹಿಂಬದಿಯಲ್ಲಿ ಬರೆದಿಡಿ. ನಿಮ್ಮ ವಿಡಿಯೊದಲ್ಲಿ ಅತಿ ಉದ್ದದ ‘ಆ…’ ಬಂದದ್ದು ಕೋಟೆ ಹೈದರಾಲಿಯ ವಶವಾದ 1779ನ್ನು ನೆನಪಿಸಿಕೊಳ್ಳುವಾಗ. ಇಂಥಲ್ಲಿ ವಾಕ್ಯದ ನಡುವೆಯೇ ನಿಲ್ಲಬೇಕಾಗುತ್ತದೆ, ಅದಕ್ಕೂ ಒಂದು ಸಭ್ಯ ಜಾಗವಿದೆ: ‘ಹೈದರಾಲಿ ಈ ಕೋಟೆ ಗೆದ್ದದ್ದು / 1779ರಲ್ಲಿ’. ಸಂಖ್ಯೆಯನ್ನು ಕೊನೆಗೆ ತಳ್ಳಿದರೆ ಅದರ ಹಿಂದಿನ ಮೌನ ಕುತೂಹಲವಾಗಿ ಕೇಳಿಸುತ್ತದೆ.

ನಾಲ್ಕನೇ ವಾರ ಸ್ನೇಹಿತರೊಬ್ಬರನ್ನು ಎದುರಿಗೆ ಕೂರಿಸಿಕೊಂಡು, ಗೊತ್ತಿಲ್ಲದ ಪ್ರಶ್ನೆ ಕೇಳಿಸಿಕೊಳ್ಳಿ. ಪ್ರಶ್ನೆ ಮುಗಿದ ಮೇಲೆ ಒಂದು ಉಸಿರು ಎಳೆದುಕೊಂಡು ಆಮೇಲೆ ಬಾಯಿ ತೆರೆಯಬೇಕು ಎಂಬುದೊಂದೇ ನಿಯಮ. ಪ್ರತಿ ಖಾಲಿ ಸದ್ದಿಗೆ ಅವರು ಬೆರಳೆತ್ತಲಿ. ಮೇಜು ಕುಟ್ಟುವುದು, ಗಂಟೆ ಬಾರಿಸುವುದು ಬೇಡ. ಭಾಷಣದ ಅಭ್ಯಾಸಕ್ಕೆಂದೇ ಜನ ಸೇರುವ ಟೋಸ್ಟ್‌ಮಾಸ್ಟರ್ಸ್ ಕೂಟಗಳಲ್ಲಿ ಇಂಥ ಸದ್ದುಗಳನ್ನು ಎಣಿಸಲೆಂದೇ ಒಬ್ಬರನ್ನು ಕೂರಿಸುವ ಪದ್ಧತಿಯಿದೆ. ಲೆಕ್ಕ ಕೊನೆಗೆ ಬರುವುದರಿಂದ ಮಾತಿನ ಓಟ ಕೆಡುವುದಿಲ್ಲ. ಸದ್ದಿನಿಂದ ಎಚ್ಚರಿಸಿದರೆ ಮಾತಾಡುವವನು ಬೆಚ್ಚುತ್ತಾನೆ, ಬೆಚ್ಚಿದವನ ಬಾಯಲ್ಲಿ ಇನ್ನೆರಡು ‘ಆ’ ಬರುತ್ತವೆ.

ಈಗ ಕೋಟೆಯಲ್ಲಿ ಜನ ಆಚೆ ತಿರುಗುವ ವಿಷಯ. ವಾಕ್ಯ ಮುಗಿಸಿದ ಮೇಲೂ ತಿರುಗಿದರೆ ಎರಡು ಕಾರಣಗಳಿರಬಹುದು. ಒಂದು, ಕ್ರಿಯಾಪದ ಅವರಿಗೆ ಕೇಳಿಸಿಯೇ ಇಲ್ಲ. ಕನ್ನಡದಲ್ಲಿ ವಾಕ್ಯದ ಜೀವ ಕೊನೆಯಲ್ಲಿರುತ್ತದೆ, ನಮ್ಮ ದನಿ ಇಳಿಯುವುದೂ ಅಲ್ಲೇ. ಬಯಲಿನಲ್ಲಿ, ಅದರಲ್ಲೂ ಗಾಳಿಗೆ ಮೈಯೊಡ್ಡಿದ ಬಂಡೆಗಳ ಮೇಲೆ, ‘ಹೊಡೆದು ಹಾಕಿದ್ಲು’ ಎಂಬಲ್ಲಿ ‘ಹಾಕಿದ್ಲು’ ನುಂಗಿಹೋದರೆ ಹಿಂದೆ ನಿಂತವರ ಪಾಲಿಗೆ ವಾಕ್ಯ ಮುಗಿದಿಲ್ಲ. ಹಿಂದಿನ ಸಾಲಿನಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿದರೆ ಇದು ಸ್ಪಷ್ಟವಾಗುತ್ತದೆ. ಕೊನೆಯ ಪದಕ್ಕೆ ಮೊದಲಿನ ಪದದಷ್ಟೇ ಬಲ ಕೊಡಿ. ಎರಡು, ನಿಂತಾಗ ನಿಮ್ಮ ಕಣ್ಣು ನೆಲದ ಕಡೆ ಹೋಗುತ್ತಿದೆ. ವಿಡಿಯೊದಲ್ಲಿ ಪ್ರತಿ ಸಲವೂ ಹೋಗಿದೆ. ಮೌನದಲ್ಲಿ ಕಣ್ಣು ಒಬ್ಬರ ಮುಖದ ಮೇಲಿರಬೇಕು, ಇಲ್ಲವೇ ನೀವು ತೋರಿಸುತ್ತಿರುವ ವಸ್ತುವಿನ ಮೇಲಿರಬೇಕು. ಮದ್ದು ಬೀಸುವ ಕಲ್ಲುಗಳ ಹತ್ತಿರ ‘ಇಲ್ಲಿ ಸಿಡಿಮದ್ದು ಬೀಸ್ತಿದ್ರು’ ಎಂದು ನೀವೇ ಕಲ್ಲಿನ ಕಡೆ ತಿರುಗಿ ನೋಡುತ್ತಾ ನಿಂತರೆ, ಜನರೂ ನೋಡುತ್ತಾರೆ. ಆಗ ಮೂರು ಸೆಕೆಂಡು ಸಲೀಸಾಗಿ ಸಿಗುತ್ತದೆ.

ಅಭ್ಯಾಸದ ನಡುವೆ ಹಾದಿ ತಪ್ಪುವ ಬಗೆಗಳು ಕೆಲವಿವೆ. ‘ಏನಂದ್ರೆ’ ಹೋದ ಜಾಗಕ್ಕೆ ‘ಸೋ’, ‘ಓಕೆ’, ಇಲ್ಲವೇ ನಾಲಗೆಯ ‘ತ್ಚ್’ ಬರುತ್ತದೆ, ಆದ್ದರಿಂದ ಹಳೆಯ ಪಟ್ಟಿಯನ್ನೇ ಹಿಡಿದು ಎಣಿಸದೆ ಹೊಸದನ್ನೂ ಹುಡುಕಿ. ಎಲ್ಲ ನಿಲುಗಡೆಯೂ ಒಂದೇ ಅಳತೆಯದಾದರೆ ಬಸ್ ನಿಲ್ದಾಣದ ಧ್ವನಿಮುದ್ರಿತ ಪ್ರಕಟಣೆಯ ಹಾಗಾಗುತ್ತದೆ, ಚಿಕ್ಕದು ದೊಡ್ಡದು ಬೆರೆತಿರಲಿ. ಫೋನಿನಲ್ಲಿ ಇದನ್ನು ಮಾಡಲು ಹೋಗಬೇಡಿ. ಮುಖ ಕಾಣದ ಕಡೆ ಎರಡು ಸೆಕೆಂಡು ಸುಮ್ಮನಾದರೆ ಆ ಕಡೆಯವರು ‘ಹಲೋ, ಹಲೋ’ ಎನ್ನುತ್ತಾರೆ, ಅಲ್ಲಿ ‘ಆ… ಒಂದ್ನಿಮಿಷ’ ಎಂಬುದು ಬೇಕಾದ ಮಾತೇ. ಇನ್ನು, ಪದ ಗೊತ್ತಿದ್ದೂ ನಾಲಗೆಯಿಂದ ಹೊರಡದೆ ಸಿಕ್ಕಿಕೊಳ್ಳುವುದು, ಮೊದಲ ಅಕ್ಷರ ಮತ್ತೆ ಮತ್ತೆ ಬರುವುದು, ಆಗ ಕುತ್ತಿಗೆ ಅಥವಾ ದವಡೆ ಬಿಗಿಯುವುದು ಇದ್ದರೆ ಅದು ತೊದಲು. ಅದಕ್ಕೆ ಈ ಅಭ್ಯಾಸ ಮದ್ದಲ್ಲ, ವಾಕ್ ಚಿಕಿತ್ಸಕರನ್ನು ಕಾಣಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆ ವ್ಯವಸ್ಥೆ ಇದೆ. ನಿಮ್ಮ ವಿಡಿಯೊದಲ್ಲಿ ಅದರ ಸುಳಿವಿಲ್ಲ.

ಸೊನ್ನೆಗೆ ಇಳಿಸುವ ಹಟ ಬೇಡ. 25 ಸೆಕೆಂಡಿಗೆ 14 ಇದ್ದದ್ದು 2 ಅಥವಾ 3ಕ್ಕೆ ಬಂದರೆ ಕೇಳುಗರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕಿಂತ ಕೆಳಗೆ ಇಳಿಸಲು ಹೋದರೆ ಗಮನ ಕಿಂಡಿಯ ಕಥೆಯಿಂದ ನಿಮ್ಮ ನಾಲಗೆಯ ಮೇಲೆ ಬರುತ್ತದೆ. ‘ನೋಡ್ರಿ’ಯನ್ನಂತೂ ಬಿಡಬೇಡಿ, ನಮ್ಮ ಕಡೆಯ ಮಾತಿಗೆ ಅದು ಬಾಗಿಲು ತೆರೆದ ಹಾಗೆ. ಕೊನೆಯ ‘ಗೊತ್ತಾಯ್ತಲ್ಲ’ವನ್ನು ಮಾತ್ರ ಬದಲಿಸಿ. ಶಾಲಾ ಮಕ್ಕಳ ಗುಂಪು ಬಂದಾಗ ‘ಈ ಕಿಂಡಿಯೊಳಗೆ ಒಂದೇ ಸಲ ಎಷ್ಟು ಜನ ತೂರಬಹುದು?’ ಎಂದು ನಿಜವಾದ ಪ್ರಶ್ನೆ ಕೇಳಿ, ತುಟಿ ಮುಚ್ಚಿ ನಿಲ್ಲಿ. ಅಲ್ಲಿ ಮೌನವನ್ನು ತುಂಬುವ ಕೆಲಸ ಮಕ್ಕಳದ್ದು.